ಎಂಟೂಮುಕ್ಕಾಲು ಸಾವಿರದ ಮಾಲು ಎರಡು ಸಾವಿರಕ್ಕೆ?

ಇವತ್ತು ಒಂದು ಪತ್ರದಿಂದ ಶುರು ಮಾಡ್ತೀನಿ. ಇಮೇಲ್ ಅಲ್ಲ, ವಾಟ್ಸಾಪ್ ಅಲ್ಲ, ಪೋಸ್ಟಿನಲ್ಲಿ ಬಂದ ಪತ್ರ. ಬರೆದವರು ದಾವಣಗೆರೆಯ ನಿವೃತ್ತ ಕಾಲೇಜು ಮೇಷ್ಟ್ರು. ರೂಲ್ ಹಾಕಿದ ಹಾಳೆಯ ಮೇಲೆ ಗೆರೆ ಎಳೆದು, ಅಚ್ಚುಕಟ್ಟಾಗಿ ಒಂದು ಲೆಕ್ಕ ಮಾಡಿ ಕಳಿಸಿದ್ದಾರೆ. ಕೊನೆಯಲ್ಲಿ ಒಂದೇ ಪ್ರಶ್ನೆ: "ನಿವೃತ್ತಿಯ ದುಡ್ಡಿನಲ್ಲಿ 12 ಲಕ್ಷ ಇಟ್ಟುಕೊಂಡಿದ್ದೇನೆ. ಎಂಟೂಮುಕ್ಕಾಲು ಸಾವಿರ ಬೆಲೆಯ ವಸ್ತು ಎರಡು ಸಾವಿರಕ್ಕೆ ಸಿಗುತ್ತಿದೆ. ತೊಗೊಳ್ಳಲೋ ಬೇಡವೋ? ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ."

ತೊಗೊಳ್ಳಿ, ಬಿಡಿ ಅನ್ನೋ ಸಲಹೆ ಈ ಕುರ್ಚಿಯಲ್ಲಿ ಕೂತು ನಾನು ಕೊಡೋ ಹಾಗಿಲ್ಲ, ಕೊಡೋದೂ ಇಲ್ಲ. ಆದರೆ ಲೆಕ್ಕದಲ್ಲಿ ತಪ್ಪೆಲ್ಲಿದೆ ಅಂತ ಕೇಳಿದ್ದಾರಲ್ಲ, ಅದಕ್ಕೆ ಉತ್ತರ ಕೊಡಬಹುದು. ಉತ್ತರ ಸ್ವಲ್ಪ ವಿಚಿತ್ರವಾಗಿದೆ: ಕೂಡೋದು ಕಳೆಯೋದರಲ್ಲಿ ತಪ್ಪೇ ಇಲ್ಲ.

ಮೇಷ್ಟ್ರು ಬರೆದಿರೋದು ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಬಗ್ಗೆ. ಮುಂಬೈನ ವಾಡಿಯಾ ಕುಟುಂಬದ ಕಂಪನಿ. ಶುರುವಾಗಿದ್ದು 1863ರಲ್ಲಿ, ವಾಲೇಸ್ ಸಹೋದರರು ಅನ್ನೋ ಬ್ರಿಟಿಷ್ ವ್ಯಾಪಾರಿಗಳಿಂದ, ಬರ್ಮಾದ ತೇಗದ ಮರದ ವ್ಯಾಪಾರಕ್ಕೆ. ಈ ಕಂಪನಿಗೆ ಬರ್ಮಾದ ಅರಮನೆ ಮರದ ಲೆಕ್ಕ ತಪ್ಪಾಗಿದೆ ಅಂತ ದಂಡ ಹಾಕಿದ್ದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1885ರಲ್ಲಿ ಮಾಂಡಲೆಗೆ ದಂಡು ಕಳಿಸಿದರು, ರಾಜನನ್ನೇ ಗಡೀಪಾರು ಮಾಡಿದರು. ಲೆಕ್ಕದ ಜಗಳ ಎಲ್ಲಿಗೆ ಹೋಗಿ ಮುಟ್ಟಬಹುದು ನೋಡಿ. ಇರಲಿ, ಅದು ಬೇರೆ ಕಥೆ. ಆಮೇಲೆ ಕಂಪನಿ ಚಹಾ ತೋಟ, ಕಾಫಿ ತೋಟಕ್ಕೆ ಬಂತು. ಕೊಡಗಿನಲ್ಲಿ ಎಲ್ಕ್‌ಹಿಲ್ ಎಸ್ಟೇಟುಗಳು ದಶಕಗಳ ಕಾಲ ಈ ಕಂಪನಿಯ ಹೆಸರಿನಲ್ಲೇ ನಡೆದವು. ವಾಹನಗಳ ಎಲೆಕ್ಟ್ರಿಕ್ ಬಿಡಿಭಾಗ, ಹಲ್ಲಿನ ಡಾಕ್ಟರುಗಳು ಬಳಸುವ ಸಾಮಗ್ರಿ ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ವ್ಯವಹಾರಗಳು ಸೇರಿಕೊಂಡವು. ಚಹಾಕ್ಕೂ ಹಲ್ಲಿಗೂ ಏನು ನಂಟು ಅಂದರೆ, ಯಜಮಾನರು ಒಬ್ಬರೇ ಅನ್ನೋದಷ್ಟೇ.

ಇವೆಲ್ಲದರ ಹಿಂದೆ ಒಂದು ದೊಡ್ಡ ಆಸ್ತಿ ಇದೆ. ಬ್ರಿಟಾನಿಯಾ. ನಿಮ್ಮ ಮನೆಯ ಗುಡ್ ಡೇ, ಮಾರಿ ಗೋಲ್ಡ್, ಬೆಂಗಳೂರಿನಲ್ಲಿ ಕಾರ್ಪೊರೇಟ್ ಕಚೇರಿ ಇರೋ ಅದೇ ಬ್ರಿಟಾನಿಯಾ. ಅದರ ಶೇಕಡ 50.55 ಪಾಲು, ಬೇರೆ ಬೇರೆ ಅಂಗ ಕಂಪನಿಗಳ ಮೂಲಕ, ಬಾಂಬೆ ಬರ್ಮಾದ ಕೈಯಲ್ಲಿದೆ. ಫ್ರಾನ್ಸಿನ ಡಾನೋನ್ ಜೊತೆಗೆ ವರ್ಷಗಟ್ಟಲೆ ಕಿತ್ತಾಡಿ, 2009ರಲ್ಲಿ ಅವರ ಪಾಲನ್ನೂ ವಾಡಿಯಾ ಗುಂಪು ಕೊಂಡ ಮೇಲೆ ಅಲ್ಲಿ ಇನ್ನೊಬ್ಬ ಯಜಮಾನ ಉಳಿದಿಲ್ಲ.

ಇಂಥ ಕಂಪನಿಗೆ ಬೆಲೆ ಕಟ್ಟೋದು ಹೇಗೆ? ಬಿಸ್ಕತ್ತು ಕಂಪನಿಯ ಅಳತೆಗೋಲು ಚಹಾ ತೋಟಕ್ಕೆ ಬರೋದಿಲ್ಲ, ಚಹಾದ್ದು ಬಿಡಿಭಾಗದ ಕಾರ್ಖಾನೆಗೆ ಬರೋದಿಲ್ಲ. ಅದಕ್ಕೆ ಒಂದೊಂದನ್ನೂ ಬೇರೆ ಬೇರೆಯಾಗಿ, ಅದದರ ಅಳತೆಯಲ್ಲಿ ಅಳೆದು, ಕೊನೆಗೆ ಕೂಡಿ, ಸಾಲ ಕಳೆಯಬೇಕು. ಷೇರು ಪೇಟೆಯವರು ಇದನ್ನು ಸಮ್ ಆಫ್ ದಿ ಪಾರ್ಟ್ಸ್ ಅಂತಾರೆ. ನಮ್ಮಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಪಾಲು ಮಾಡುವಾಗ ಗದ್ದೆಗೆ ಒಂದು ದರ, ತೋಟಕ್ಕೆ ಒಂದು ದರ, ಪೇಟೆಯ ಮಳಿಗೆಗೆ ಒಂದು ದರ ಹಾಕಿ, ಬ್ಯಾಂಕಿನ ಸಾಲ ಕಳೀತಾರಲ್ಲ, ಅದೇ.

ಮೇಷ್ಟ್ರ ಹಾಳೆ ನೋಡೋಣ. ಷೇರಿನ ಬೆಲೆ ದಿನಾ ಏರುತ್ತೆ ಇಳಿಯುತ್ತೆ. ಲೆಕ್ಕ ಸುಲಭ ಆಗಲಿ ಅಂತ ಅವರು ದುಂಡು ಸಂಖ್ಯೆ ಇಟ್ಟುಕೊಂಡಿದ್ದಾರೆ, ನಾನೂ ಅದನ್ನೇ ಇಟ್ಟುಕೊಳ್ತೀನಿ. ಬ್ರಿಟಾನಿಯಾ ಷೇರಿಗೆ 5,000 ರೂಪಾಯಿ. ಬಾಂಬೆ ಬರ್ಮಾ ಷೇರಿಗೆ 2,000 ರೂಪಾಯಿ. ನೀವು ಮನೆಯಲ್ಲಿ ಮಾಡುವಾಗ ಅವತ್ತಿನ ಬೆಲೆ ಹಾಕಿಕೊಳ್ಳಿ, ದಾರಿ ಬದಲಾಗೋದಿಲ್ಲ.

ಬ್ರಿಟಾನಿಯಾದ ಒಟ್ಟು ಷೇರುಗಳು ಸುಮಾರು 24.09 ಕೋಟಿ. ಅದರಲ್ಲಿ ಶೇಕಡ 50.55 ಅಂದರೆ 12.18 ಕೋಟಿ ಷೇರು. ಐದು ಸಾವಿರದಂತೆ 60,900 ಕೋಟಿ ರೂಪಾಯಿ. ಚಹಾ, ಬಿಡಿಭಾಗ, ಹಲ್ಲಿನ ಸಾಮಗ್ರಿ, ಇತರ ಹೂಡಿಕೆ ಎಲ್ಲಕ್ಕೂ ಸೇರಿಸಿ ಮೇಷ್ಟ್ರು ಅಂದಾಜಿಗೆ 1,000 ಕೋಟಿ ಹಾಕಿದ್ದಾರೆ. ಸಾಲಕ್ಕೆ, ಮುಖ್ಯ ಕಚೇರಿಯ ಖರ್ಚಿಗೆ ಅಂತ 900 ಕೋಟಿ ಕಳೆದಿದ್ದಾರೆ. ಉಳಿದದ್ದು 61,000 ಕೋಟಿ. ಬಾಂಬೆ ಬರ್ಮಾದ ಒಟ್ಟು ಷೇರು ಸುಮಾರು 6.98 ಕೋಟಿ. ಭಾಗಿಸಿದರೆ ಒಂದು ಷೇರಿಗೆ ಹೆಚ್ಚುಕಡಿಮೆ 8,740 ರೂಪಾಯಿ. ಪೇಟೆಯಲ್ಲಿ ಸಿಗ್ತಾ ಇರೋದು 2,000ಕ್ಕೆ. ಶೇಕಡ 77ರಷ್ಟು ಕಡಿಮೆ! ಮಾಲ್‌ಗಳಲ್ಲಿ ಆಷಾಢದ ಸೇಲ್ ಹಾಕಿದರೂ ಇಷ್ಟು ರಿಯಾಯಿತಿ ಕೊಡೋದಿಲ್ಲ.

ಮೊದಲು ಸಣ್ಣ ಪುಟ್ಟ ಬಾಬ್ತುಗಳು. ಲಿಸ್ಟ್ ಆಗದ ವ್ಯವಹಾರಕ್ಕೆ ಬೆಲೆ ಹಾಕೋ ಕ್ರಮ ಇಷ್ಟೇ: ಬಡ್ಡಿ, ಸವಕಳಿ ಕಳೆಯುವ ಮುಂಚಿನ ವರ್ಷದ ಲಾಭ ತೊಗೊಳ್ಳಿ, ಅದೇ ವ್ಯಾಪಾರದ ಲಿಸ್ಟ್ ಆದ ಕಂಪನಿಗಳು ಆ ಲಾಭದ ಎಷ್ಟು ಪಟ್ಟಿಗೆ ಮಾರಾಟ ಆಗ್ತಿವೆ ನೋಡಿ, ಗುಣಿಸಿ. ಬಿಡಿಭಾಗದ ಘಟಕ 20 ಕೋಟಿ ದುಡಿಯುತ್ತೆ, ಅಂಥ ಕಂಪನಿಗಳು ಹತ್ತು ಪಟ್ಟಿಗೆ ಹೋಗ್ತಿವೆ ಅಂತಿಟ್ಟುಕೊಂಡರೆ 200 ಕೋಟಿ. ಹತ್ತೋ ಹನ್ನೆರಡೋ ಅಂತ ವರದಿಗಳಲ್ಲಿ ಪುಟಗಟ್ಟಲೆ ವಾದ ನಡೆಯುತ್ತೆ. ಆದರೆ ಇಲ್ಲಿ ಆ ವಾದ ವ್ಯರ್ಥ. ಸಣ್ಣ ಬಾಬ್ತುಗಳ ಇಡೀ ಸಾವಿರ ಕೋಟಿಯ ಅಂದಾಜು ಅರ್ಧಕ್ಕರ್ಧ ತಪ್ಪಾದರೂ ಒಂದು ಷೇರಿಗೆ ವ್ಯತ್ಯಾಸ 70 ರೂಪಾಯಿ. ಬ್ರಿಟಾನಿಯಾ ಷೇರು ಐವತ್ತು ರೂಪಾಯಿ ಅಲ್ಲಾಡಿದರೆ ಅದಕ್ಕಿಂತ ಜಾಸ್ತಿ ಆಗುತ್ತೆ. ಎಲ್ಲಿ ತೂಕ ಇದೆಯೋ ಅಲ್ಲಿ ತಲೆ ಕೆಡಿಸಿಕೊಳ್ಳಬೇಕು.

ಆದರೂ ತೋಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮೇಷ್ಟ್ರು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಸಾವಿರಾರು ಎಕರೆ ಭೂಮಿ ಇದೆ, ಅದನ್ನು ಹಿಡಿದೇ ಇಲ್ಲ" ಅಂತ ಬರೆದಿದ್ದಾರೆ. ಎಕರೆಗೆ ಇಂತಿಷ್ಟು ಅಂತ ಗುಣಿಸೋಕೆ ಎಲ್ಲರ ಕೈಯೂ ತುರಿಸುತ್ತೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಮಾಂಜೋಲೈ ತೋಟ ನೋಡಿ. ಬೆಟ್ಟದ ಮೇಲೆ ಎಂಟು ಸಾವಿರಕ್ಕೂ ಹೆಚ್ಚು ಎಕರೆ. ಆದರೆ ಅದು ಕಂಪನಿಯ ಸ್ವಂತದ್ದಲ್ಲ. 1929ರಲ್ಲಿ ಸಿಂಗಂಪಟ್ಟಿ ಜಮೀನುದಾರರಿಂದ 99 ವರ್ಷಕ್ಕೆ ಗುತ್ತಿಗೆಗೆ ಪಡೆದದ್ದು. 2028ಕ್ಕೆ ಗಡುವು ಮುಗಿಯುತ್ತೆ. ಸುತ್ತ ಹುಲಿ ಸಂರಕ್ಷಿತ ಕಾಡು. 2024ರಲ್ಲಿ ಕಂಪನಿ ಕಾರ್ಮಿಕರಿಗೆ ಸ್ವಯಂ ನಿವೃತ್ತಿ ಕೊಟ್ಟು ಹೊರಡೋಕೆ ತಯಾರಿ ಮಾಡಿತು. ನಾಲ್ಕು ತಲೆಮಾರಿನಿಂದ ಅಲ್ಲೇ ಬದುಕಿದ ಜನ ಕೋರ್ಟಿಗೆ ಹೋದರು. ಇಂಥ ಎಕರೆಗೆ ರಿಯಲ್ ಎಸ್ಟೇಟ್ ದರ ಹಾಕಿದರೆ ಬೇರೆಯವರ ಹೊಲವನ್ನು ನಮ್ಮ ಪಾಲುಪಟ್ಟಿಯಲ್ಲಿ ಬರೆದ ಹಾಗೆ. ಸ್ವಂತದ ತೋಟ ಆದರೂ ಅಷ್ಟೇ ಹುಷಾರಾಗಿರಬೇಕು. ಕರ್ನಾಟಕದಲ್ಲಿ ಭೂಮಿತಿ ಕಾನೂನಿನಿಂದ ತೋಟಗಳಿಗೆ ವಿನಾಯಿತಿ ಸಿಕ್ಕಿರೋದೇ ಅವು ತೋಟ ಅನ್ನೋ ಕಾರಣಕ್ಕೆ, ಸೈಟು ಮಾಡಿ ಹಂಚೋಕೆ ಅಲ್ಲ. ಕೊಡಗಿನಲ್ಲಂತೂ ನೆಲ ಒಬ್ಬರದು, ಮರ ಸರ್ಕಾರದ್ದು ಅನ್ನೋ ಹಿಡುವಳಿಗಳೂ ಇವೆ. ಮೇಷ್ಟ್ರು ಭೂಮಿಯನ್ನು ಹಿಡಿಯದೇ ಬಿಟ್ಟದ್ದೇ ಸರಿ.

ಇನ್ನೊಂದು ಬಲೆ ಇದೆ. ಅದರಲ್ಲಿ ಮೇಷ್ಟ್ರು ಬಿದ್ದಿಲ್ಲ, ಆದರೆ ಮೊಬೈಲ್ ಆಪ್ ನೋಡಿ ಷೇರು ಕೊಳ್ಳೋ ಬಹಳ ಜನ ಬೀಳ್ತಾರೆ. ಆಪ್‌ನಲ್ಲಿ ಬಾಂಬೆ ಬರ್ಮಾ ಅಂತ ಒತ್ತಿದರೆ ವಹಿವಾಟು ಹದಿನೇಳು ಹದಿನೆಂಟು ಸಾವಿರ ಕೋಟಿ ಅಂತ ತೋರಿಸುತ್ತೆ. ಅದು ಅಂಗ ಕಂಪನಿಗಳನ್ನೆಲ್ಲ ಒಟ್ಟು ಸೇರಿಸಿದ ಲೆಕ್ಕ, ಅಂದರೆ ಹೆಚ್ಚೂಕಡಿಮೆ ಇಡೀ ಬ್ರಿಟಾನಿಯಾದ ವಹಿವಾಟು. ಅರ್ಧಕ್ಕೂ ಸ್ವಲ್ಪ ಹೆಚ್ಚು ಪಾಲಿದ್ದರೆ ಸಾಕು, ನಿಯಮದ ಪ್ರಕಾರ ಪೂರ್ತಿ ವಹಿವಾಟು, ಪೂರ್ತಿ ಸಾಲ, ಪೂರ್ತಿ ನಗದು ಎಲ್ಲಾ ಈ ಪುಸ್ತಕಕ್ಕೆ ಬರುತ್ತೆ. ಉಳಿದ ಅರ್ಧ ಬೇರೆಯವರದು ಅಂತ ಕೆಳಗೆ ಒಂದು ಸಾಲಿನಲ್ಲಿ ಬರೆದಿರ್ತಾರೆ. ಈ ಪುಸ್ತಕ ನೋಡಿ "ಕಂಪನಿ ಹತ್ರ ಇಷ್ಟು ನಗದಿದೆ" ಅಂತ ಪಾಲುಪಟ್ಟಿಗೆ ಸೇರಿಸಿದರೆ ಎರಡು ಸಲ ಎಣಿಸಿದ ಹಾಗಾಯ್ತು. ಆ ನಗದು ಬ್ರಿಟಾನಿಯಾ ಷೇರಿನ ಐದು ಸಾವಿರದೊಳಗೆ ಆಗಲೇ ಇದೆ. ಸಾಲಕ್ಕೂ ಇದೇ ಮಾತು. ಬ್ರಿಟಾನಿಯಾದ ಸಾಲವನ್ನು ಮತ್ತೆ ಕಳೆಯಬಾರದು. ಬಾಂಬೆ ಬರ್ಮಾದ ಸ್ವಂತ ಸಾಲ, ಮತ್ತೆ ಮಧ್ಯೆ ಕೂತಿರೋ ಅಂಗ ಕಂಪನಿಗಳ ಸಾಲ, ಇವಿಷ್ಟನ್ನೇ ಹುಡುಕಿ ಕಳೆಯಬೇಕು. ಅದು ಆಪ್‌ನಲ್ಲಿ ಸಿಗೋದಿಲ್ಲ. ವಾರ್ಷಿಕ ವರದಿಯ ಹಿಂದುಗಡೆ, ಅಂಗ ಕಂಪನಿಗಳ ಒಂದೊಂದರ ಲೆಕ್ಕ ಸಣ್ಣ ಅಕ್ಷರದಲ್ಲಿ ಕೊಟ್ಟಿರೋ ಪಟ್ಟಿಯಲ್ಲಿ ಸಿಗುತ್ತೆ.

ಸರಿ. ಲೆಕ್ಕ ಸರಿ ಇದೆ, ಆದರೂ ಪೇಟೆ ರೂಪಾಯಿಗೆ 23 ಪೈಸೆ ಮಾತ್ರ ಕೊಡ್ತಾ ಇದೆ. ಪೇಟೆಗೇನು ಹುಚ್ಚಾ?

ಒಂದು ಕಾರಣ ತೆರಿಗೆ ಅಂತಾರೆ. ಪಾಲು ಮಾರಿದರೆ ದೀರ್ಘಾವಧಿ ಲಾಭದ ಮೇಲೆ ಶೇಕಡ 12.5 ತೆರಿಗೆ ಬೀಳುತ್ತೆ. ಕೊಂಡ ಬೆಲೆ ಸೊನ್ನೆ ಅಂತಲೇ ಹಿಡಿಯಿರಿ, 60,900 ಕೋಟಿಯಲ್ಲಿ ಏಳೂವರೆ ಸಾವಿರ ಚಿಲ್ಲರೆ ಕೋಟಿ ಹೋಗುತ್ತೆ, ಇನ್ನೂ 53,000 ಕೋಟಿ ಉಳಿಯುತ್ತೆ. ಪೇಟೆಯ ಬೆಲೆ 14,000 ಕೋಟಿ. ಹಾಗಾಗಿ ತೆರಿಗೆಯಿಂದ ಈ ಕಂದಕ ತುಂಬೋದಿಲ್ಲ. ಮಾತ್ರವಲ್ಲ, ವಾಡಿಯಾ ಕುಟುಂಬ ಬ್ರಿಟಾನಿಯಾವನ್ನು ಮಾರುತ್ತೆ ಅಂತ ಯಾರೂ ಕಾದು ಕೂತಿಲ್ಲ. ಮಾರೋದೇ ಇಲ್ಲ ಅಂದಮೇಲೆ ಆ ಅರವತ್ತು ಸಾವಿರ ಕೋಟಿ ಅನ್ನೋದು ಬಾಂಬೆ ಬರ್ಮಾದ ಸಣ್ಣ ಷೇರುದಾರನಿಗೆ ನೋಡೋಕೆ ಮಾತ್ರ. ಅವನ ಕೈಗೆ ಬರೋದು ಡಿವಿಡೆಂಡ್ ಒಂದೇ. ಆದ್ದರಿಂದ ಡಿವಿಡೆಂಡಿನ ದಾರಿಯನ್ನೇ ಹಿಡಿದು ಹೋಗೋಣ.

2024-25ರ ಸಾಲಿಗೆ ಬ್ರಿಟಾನಿಯಾ ಷೇರಿಗೆ 75 ರೂಪಾಯಿ ಡಿವಿಡೆಂಡ್ ಕೊಟ್ಟಿತು. 12.18 ಕೋಟಿ ಷೇರಿಗೆ ಸುಮಾರು 913 ಕೋಟಿ ರೂಪಾಯಿ. ಈ ಹಣ ನೇರವಾಗಿ ಮುಂಬೈಗೆ ಹೋಗೋದಿಲ್ಲ. ಬ್ರಿಟಾನಿಯಾದ ಷೇರುಗಳನ್ನು ಹಿಡಿದಿರೋದು ಮುಖ್ಯವಾಗಿ ಅಸೋಸಿಯೇಟೆಡ್ ಬಿಸ್ಕಿಟ್ಸ್ ಇಂಟರ್‌ನ್ಯಾಷನಲ್ ಅನ್ನೋ ಬ್ರಿಟನ್ನಿನ ಕಂಪನಿ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಹೊರದೇಶಗಳಲ್ಲಿ ನೋಂದಣಿ ಆದ ಕಂಪನಿಗಳ ಸರಪಳಿ. ಕೊನೆಯ ತುದಿಯಲ್ಲಿ ಬಾಂಬೆ ಬರ್ಮಾ. ಹಣ ದೇಶ ಬಿಡುವಾಗಲೇ ಇಲ್ಲಿ ತೆರಿಗೆ ಕಡಿತ. ಆಮೇಲೆ ಪ್ರತಿ ಮೆಟ್ಟಿಲಲ್ಲೂ ಒಂದು ನಿರ್ಧಾರ: ಮೇಲಕ್ಕೆ ಕಳಿಸೋದಾ, ಇಲ್ಲೇ ಇಟ್ಟುಕೊಂಡು ಸಾಲ ತೀರಿಸೋದಾ, ಬೇರೆಲ್ಲಾದರೂ ಹೂಡೋದಾ? ಎಂಜಿನಿಯರಿಂಗ್ ಓದಿದವರಿಗೆ ಸೀರೀಸ್ ಸರ್ಕ್ಯೂಟ್ ನೆನಪಿರಬಹುದು. ಒಂದೊಂದು ರೆಸಿಸ್ಟರ್ ದಾಟುವಾಗಲೂ ವೋಲ್ಟೇಜ್ ಇಳಿಯುತ್ತಲ್ಲ, ಹಾಗೆ. ನನಗೆ ಆ ಪೇಪರಿನಲ್ಲಿ ಬಂದ ಮಾರ್ಕ್ಸ್ ಕೇಳಬೇಡಿ.

ಈಗ ಒಂದು ಊಹೆ ಮಾಡಿ. ಈ 913 ಕೋಟಿ ದಾರಿಯಲ್ಲಿ ಎಲ್ಲೂ ಸೋರದೆ, ಎಲ್ಲೂ ನಿಲ್ಲದೆ, ಪ್ರತಿ ವರ್ಷ ಬಾಂಬೆ ಬರ್ಮಾದ ಷೇರುದಾರರ ಖಾತೆಗೇ ಬಿದ್ದರೆ ಎಷ್ಟಾಗುತ್ತೆ? ಷೇರಿಗೆ 130 ರೂಪಾಯಿ. ಎರಡು ಸಾವಿರದ ಷೇರಿಗೆ 130 ರೂಪಾಯಿ ಅಂದರೆ ವರ್ಷಕ್ಕೆ ಶೇಕಡ ಆರೂವರೆ, ಹೆಚ್ಚುಕಡಿಮೆ ಬ್ಯಾಂಕಿನ ಎಫ್‌ಡಿ ಬಡ್ಡಿಯಷ್ಟು, ಜೊತೆಗೆ ಬಿಸ್ಕತ್ತು ವ್ಯಾಪಾರ ಬೆಳೆದ ಹಾಗೆ ಬೆಳೆಯೋ ಆದಾಯ. ನೇರವಾಗಿ ಬ್ರಿಟಾನಿಯಾ ಷೇರನ್ನೇ ಕೊಂಡರೆ ಐದು ಸಾವಿರಕ್ಕೆ 75, ಅಂದರೆ ಶೇಕಡ ಒಂದೂವರೆ. ಒಂದೂವರೆ ಕೊಡೋ ಷೇರಿಗೆ ಜನ ಮುಗಿಬೀಳ್ತಾರೆ, ಅದೇ ಬಿಸ್ಕತ್ತಿನಿಂದ ಆರೂವರೆ ಬರಬಹುದಾದ ಷೇರನ್ನು ಯಾರೂ ಮುಟ್ಟೋದಿಲ್ಲ. ಇದರರ್ಥ ಒಂದೇ. ಆರೂವರೆ ಬರುತ್ತೆ ಅಂತ ಯಾರೂ ನಂಬಿಲ್ಲ. ಬಾಂಬೆ ಬರ್ಮಾದ 14,000 ಕೋಟಿ ಬೆಲೆಗೆ ಅದೇ ಶೇಕಡ ಒಂದೂವರೆ ಲೆಕ್ಕ ಹಾಕಿದರೆ 210 ಕೋಟಿ ಬರುತ್ತೆ. 913ರಲ್ಲಿ 210. ರೂಪಾಯಿಗೆ 23 ಪೈಸೆ! ಅಂದರೆ ಪೇಟೆ ಬ್ರಿಟಾನಿಯಾದ ಬೆಲೆಯನ್ನು ಕಡಿಮೆ ಅಂದಾಜು ಮಾಡಿಲ್ಲ. ಅಲ್ಲಿ ಹುಟ್ಟಿದ ರೂಪಾಯಿಯಲ್ಲಿ 23 ಪೈಸೆ ಮಾತ್ರ ನಮ್ಮ ಮನೆ ಮುಟ್ಟುತ್ತೆ ಅಂತ ಅಂದಾಜು ಮಾಡಿದೆ.

ಇಷ್ಟೊಂದು ಅನುಮಾನ ಯಾಕೆ? ಇಲ್ಲಿ "ಕುಟುಂಬ" ಅನ್ನೋ ಶಬ್ದ ಬರುತ್ತೆ. ಬಾಂಬೆ ಬರ್ಮಾದ ಸುಮಾರು ಶೇಕಡ 74 ಪಾಲು ಪ್ರವರ್ತಕರ ಬಳಿಯೇ ಇದೆ. ಎರಡು ಸಾವಿರದ ಬೆಲೆಯಲ್ಲಿ ಅದು ಹತ್ತು ಸಾವಿರ ಕೋಟಿ ಚಿಲ್ಲರೆ. ಆ ಪಾಲಿನ ಬಲದಿಂದ 1.2 ಲಕ್ಷ ಕೋಟಿಯ ಬ್ರಿಟಾನಿಯಾದ ಚುಕ್ಕಾಣಿ ಅವರ ಕೈಯಲ್ಲಿದೆ. ಹೊರಗಿನ ದೊಡ್ಡ ಫಂಡೊಂದು ಬಂದು "ರಿಯಾಯಿತಿ ಜಾಸ್ತಿ ಆಯ್ತು, ಷೇರನ್ನು ಹಂಚಿ" ಅಂತ ಮೀಟಿಂಗಿನಲ್ಲಿ ಗಲಾಟೆ ಮಾಡಿದರೂ 26 ಜನ 74 ಜನರ ಎದುರು ಕೈ ಎತ್ತಿದ ಹಾಗೆ. ಬೆಲೆ ಎರಡು ಸಾವಿರ ಇದ್ದರೂ ಎಂಟು ಸಾವಿರ ಇದ್ದರೂ ಅವರ ಹಿಡಿತಕ್ಕೆ ವ್ಯತ್ಯಾಸ ಇಲ್ಲ. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ನಮ್ಮ ಊರುಗಳಲ್ಲೂ ಅಜ್ಜನ ಕಾಲದ ಜಮೀನಿಗೆ ಕೋಟಿ ಬೆಲೆ ಬಂದರೂ ಮಾರದೆ ಇಟ್ಟುಕೊಂಡವರಿಲ್ಲವಾ? ಆದರೆ ಆ ಜಮೀನಿನಲ್ಲಿ ನಾಲ್ಕು ಗುಂಟೆ ಕೊಂಡ ಹೊರಗಿನವನಿಗೆ ಅದರಿಂದ ಪಾಲೂ ಸಿಗೋದಿಲ್ಲ, ದಾರಿಯೂ ಸಿಗೋದಿಲ್ಲ.

ಎರಡನೆಯ ಭಯ ಇದಕ್ಕಿಂತ ದೊಡ್ಡದು. ಒಂದೇ ಕುಟುಂಬದ ಕೈಯಲ್ಲಿ ಹಲವು ವ್ಯವಹಾರ ಇದ್ದಾಗ ಚೆನ್ನಾಗಿ ದುಡಿಯೋ ಮಗನ ಸಂಬಳ ಕಷ್ಟದಲ್ಲಿರೋ ಮಗನ ಅಂಗಡಿಗೆ ಹೋಗೋದು ಸಹಜ. ವಾಡಿಯಾ ಗುಂಪಿನಲ್ಲಿ ಒಂದು ವಿಮಾನ ಸಂಸ್ಥೆಯೂ ಇತ್ತು. 2005ರಲ್ಲಿ ಗೋಏರ್ ಆಗಿ ಹಾರಾಟ ಶುರು ಮಾಡಿ, ಆಮೇಲೆ ಗೋ ಫಸ್ಟ್ ಆಯ್ತು. ಎಂಜಿನ್ ಪೂರೈಕೆಯ ತೊಂದರೆಯಿಂದ ಅರ್ಧದಷ್ಟು ವಿಮಾನ ನೆಲ ಕಚ್ಚಿವೆ ಅಂತ ಹೇಳಿ 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. 2025ರ ಜನವರಿಯಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ನ್ಯಾಯಮಂಡಳಿ ಆದೇಶ ಕೊಟ್ಟಿತು. ವಿಮಾನ ಸಂಸ್ಥೆ ಅಂದರೆ ಎಷ್ಟು ಹಣ ಸುರಿದರೂ ತುಂಬದ ಹೊಂಡ ಅಂತ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ, ಕಿಂಗ್‌ಫಿಷರ್ ನೋಡಿದವರು ನಾವು. ಗೋ ಫಸ್ಟ್ ಹಾರುತ್ತಿದ್ದ ಅಷ್ಟೂ ವರ್ಷ ಪೇಟೆಗೆ ಕಾಡ್ತಾ ಇದ್ದ ಪ್ರಶ್ನೆ ಒಂದೇ: ಬಿಸ್ಕತ್ತಿನ ಹಣ ಆಕಾಶಕ್ಕೆ ಹೋದೀತಾ? ಪಾಲುಪಟ್ಟಿ ಬರೆಯೋವಾಗ ವಿಮಾನ ಸಂಸ್ಥೆಗೆ ಸೊನ್ನೆ ಹಾಕೋದು ಸುಲಭ. ಕೂಡಿಸೋ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿ ಯಾರೂ ಬರೆಯೋದಿಲ್ಲ. ಆದರೆ ನಷ್ಟದ ವ್ಯವಹಾರವನ್ನು ಮುಚ್ಚದೆ ನಡೆಸ್ತಾ ಇದ್ದರೆ ಅದರ ಬೆಲೆ ಸೊನ್ನೆ ಅಲ್ಲ, ಮೈನಸ್. ಅದು ಲಾಭದ ವ್ಯವಹಾರದ ಬುತ್ತಿಯಲ್ಲೇ ಕೈ ಹಾಕಿ ಊಟ ಮಾಡುತ್ತೆ. ಅಂಥದ್ದು ಮತ್ತೆ ಹುಟ್ಟಬಹುದು ಅನ್ನೋ ಭಯವೂ ಈ 77ರಲ್ಲಿ ಸೇರಿದೆ.

ಈಗ ಮೇಷ್ಟ್ರ 12 ಲಕ್ಷಕ್ಕೆ ಬರೋಣ. "ರಿಯಾಯಿತಿಯಲ್ಲಿ ಕೊಂಡರೆ ನಷ್ಟ ಆಗೋ ಪ್ರಮೇಯವೇ ಇಲ್ಲ" ಅಂತ ಬರೆದಿದ್ದಾರೆ. ಹಾಳೆಯಲ್ಲಿ ಕೆಂಪು ಪೆನ್ನು ಹಾಕೋದಾದರೆ ನಾನು ಈ ಸಾಲಿಗೆ ಹಾಕ್ತೀನಿ, ಕ್ಷಮಿಸಿ ಸರ್. ಶೇಕಡ 77 ರಿಯಾಯಿತಿಯಲ್ಲಿ ಕೊಂಡು, ಐದು ವರ್ಷ ಆದಮೇಲೆ ಅದೇ 77 ರಿಯಾಯಿತಿಯಲ್ಲಿ ಮಾರಿದರೆ ರಿಯಾಯಿತಿಯಿಂದ ನಿಮಗೆ ಬಂದದ್ದು ಸೊನ್ನೆ. ಬ್ರಿಟಾನಿಯಾ ಎಷ್ಟು ಏರಿತೋ ಅಷ್ಟೇ. ಅದಕ್ಕೆ ಬ್ರಿಟಾನಿಯಾವನ್ನೇ ಕೊಳ್ಳಬಹುದಿತ್ತು. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಬ್ರಿಟಾನಿಯಾ ಐದು ಸಾವಿರದಲ್ಲೇ ಇದೆ, ಏನೂ ಕೆಟ್ಟದ್ದು ಆಗಿಲ್ಲ, ರಿಯಾಯಿತಿ ಮಾತ್ರ 77ರಿಂದ 82 ಆಯ್ತು ಅಂತಿಟ್ಟುಕೊಳ್ಳಿ. ಐದೇ ಅಂಕಿ. 8,740ರಲ್ಲಿ ಶೇಕಡ 18 ಅಂದರೆ 1,570 ರೂಪಾಯಿ. ಎರಡು ಸಾವಿರದ ಷೇರು 1,570ಕ್ಕೆ ಬಂತು. 12 ಲಕ್ಷದಲ್ಲಿ ಎರಡೂವರೆ ಲಕ್ಷ ಹೋಯ್ತು. ಅದೇ ರಿಯಾಯಿತಿ 70ಕ್ಕೆ ಇಳಿದರೆ ಷೇರು 2,600 ಮುಟ್ಟುತ್ತೆ, 12 ಲಕ್ಷ ಹದಿನೈದೂವರೆ ಲಕ್ಷ ಆಗುತ್ತೆ. ರಿಯಾಯಿತಿ ದೊಡ್ಡದಿದ್ದಷ್ಟೂ ಉಳಿದ ತುಣುಕು ಸಣ್ಣದು, ಸಣ್ಣ ತುಣುಕು ಅಲ್ಲಾಡೋದು ಜಾಸ್ತಿ. ಶೇಕಡ 20 ರಿಯಾಯಿತಿ 25 ಆದರೆ ಬೆಲೆ ಆರು ಪರ್ಸೆಂಟ್ ಬೀಳುತ್ತೆ. 77 ಹೋಗಿ 82 ಆದರೆ ಇಪ್ಪತ್ತೊಂದು ಪರ್ಸೆಂಟ್. ದೊಡ್ಡ ರಿಯಾಯಿತಿ ಅಂದರೆ ದೊಡ್ಡ ಸುರಕ್ಷತೆ ಅನ್ನೋ ನಂಬಿಕೆ ಇಲ್ಲಿ ತಲೆಕೆಳಗು.

ಹಾಗಾದರೆ ಇಂಥ ಗಂಟು ಎಲ್ಲೂ ಬಿಚ್ಚೋದೇ ಇಲ್ವಾ? ಬಿಚ್ಚುತ್ತೆ, ಕುಟುಂಬ ಮನಸ್ಸು ಮಾಡಿದಾಗ. ರೇಮಂಡ್ ನೋಡಿ. ಸಿಂಘಾನಿಯಾ ಕುಟುಂಬದ ಕಂಪನಿ. ಸೂಟಿನ ಬಟ್ಟೆ, ಠಾಣೆಯಲ್ಲಿ ಅಪಾರ್ಟ್‌ಮೆಂಟ್, ಜೊತೆಗೆ ಎಂಜಿನಿಯರಿಂಗ್ ಬಿಡಿಭಾಗ, ಎಲ್ಲಾ ಒಂದೇ ಷೇರಿನೊಳಗೆ. 2023ರಲ್ಲಿ ಅವರು ನಮ್ಮ ಬೆಂಗಳೂರಿನ ಮೈನಿ ಪ್ರಿಸಿಷನ್‌ನ ದೊಡ್ಡ ಪಾಲನ್ನೂ ಕೊಳ್ಳೋದಾಗಿ ಘೋಷಿಸಿದರು. ಆಮೇಲೆ ಬಟ್ಟೆಯ ವ್ಯವಹಾರ ಬೇರೆ ಮಾಡಿ, ಐದು ರೇಮಂಡ್ ಷೇರಿಗೆ ನಾಲ್ಕು ರೇಮಂಡ್ ಲೈಫ್‌ಸ್ಟೈಲ್ ಷೇರು ಕೊಟ್ಟರು. 2024ರ ಸೆಪ್ಟೆಂಬರಿನಲ್ಲಿ ಅದು ಲಿಸ್ಟ್ ಆಯ್ತು. 2025ರ ಜುಲೈ 1ಕ್ಕೆ ರಿಯಾಲ್ಟಿಯೂ ಬೇರೆಯಾಗಿ ಲಿಸ್ಟ್ ಆಯ್ತು, ಒಂದಕ್ಕೆ ಒಂದು ಷೇರು. ಇಲ್ಲಿ ವ್ಯತ್ಯಾಸ ಗಮನಿಸಿ: ಪಾಲು ಷೇರುದಾರನ ಡಿಮ್ಯಾಟ್ ಖಾತೆಗೇ ಬಂತು. ಮಧ್ಯೆ ಮೆಟ್ಟಿಲಿಲ್ಲ, ಸರಪಳಿ ಇಲ್ಲ. ಬೇಕಾದರೆ ಇಟ್ಟುಕೋ, ಬೇಡವಾದರೆ ಮಾರು.

ಆದರೆ ಅಲ್ಲೂ ಒಂದು ಪಾಠ ಕಾದಿತ್ತು. ಲೈಫ್‌ಸ್ಟೈಲ್ ಷೇರು ಮೂರು ಸಾವಿರ ರೂಪಾಯಿ ಆಸುಪಾಸಿನಲ್ಲಿ ಲಿಸ್ಟ್ ಆಗಿ, ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಮದುವೆ ಸೀಸನ್ ಕೈಕೊಟ್ಟಿತು, ಬಟ್ಟೆ ವ್ಯಾಪಾರದ ಲಾಭ ಕುಸಿಯಿತು. ಕಂಪನಿ ಒಡೆಯುವ ಮುಂಚೆ ಬಟ್ಟೆಗೆ ಇಷ್ಟು ಪಟ್ಟು ಅಂತ ಗುಣಿಸಿದ್ದವರಿಗೆ ಪಟ್ಟೂ ತಪ್ಪಿತು, ಲಾಭವೂ ತಪ್ಪಿತು. ಪೊಟ್ಟಣದೊಳಗೆ ಇರೋವರೆಗೆ ಒಂದು ವ್ಯವಹಾರದ ಬೆಲೆ ಎಷ್ಟು ಅಂತ ವಿಶ್ಲೇಷಕರು ಹೇಳ್ತಾರೆ, ಪೊಟ್ಟಣ ಬಿಚ್ಚಿದ ಮೇಲೆ ಪೇಟೆ ಹೇಳುತ್ತೆ. ಬಾಂಬೆ ಬರ್ಮಾದಲ್ಲಿ ಈ ತೊಂದರೆ ಕಡಿಮೆ, ದೊಡ್ಡ ಬಾಬ್ತು ದಿನವೂ ಪೇಟೆಯಲ್ಲಿ ಬೆಲೆ ಕಟ್ಟಿಸಿಕೊಳ್ಳುತ್ತೆ. ಅಲ್ಲಿನ ತೊಂದರೆ ಬೇರೆ. ಬೆಲೆ ಗೊತ್ತು, ಬೀಗದ ಕೈ ಬೇರೆಯವರ ಹತ್ರ.

ಮೇಷ್ಟ್ರಿಗೆ ನಾನು ಫೋನ್ ಮಾಡಿದ್ದೆ. ಇಷ್ಟನ್ನೂ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲಪ್ಪಾ, ಹಾಗಾದರೆ ನಾನು ಇನ್ನೊಂದು ಕಾಲಂ ಹಾಕಬೇಕಿತ್ತು" ಅಂದರು. ಯಾವ ಕಾಲಂ ಸರ್ ಅಂದೆ. "ಬ್ರಿಟಾನಿಯಾ ಪ್ರತಿ ವರ್ಷ ಕೊಟ್ಟದ್ದು ಎಷ್ಟು, ಅದರಲ್ಲಿ ಬಾಂಬೆ ಬರ್ಮಾ ತನ್ನ ಷೇರುದಾರರಿಗೆ ಹಂಚಿದ್ದು ಎಷ್ಟು. ಹತ್ತು ವರ್ಷದ್ದು ಪಕ್ಕಪಕ್ಕ ಬರೀತೀನಿ. ಎರಡನೇ ಸಂಖ್ಯೆ ಮೊದಲನೇದರ ಕಡೆ ನಡೀತಾ ಇದೆಯೋ, ನಿಂತಲ್ಲೇ ನಿಂತಿದೆಯೋ ಗೊತ್ತಾಗುತ್ತಲ್ಲ."

ವಿಶ್ಲೇಷಕರ ವರದಿಗಳನ್ನು ದಿನಾ ಓದೋ ನನಗೆ ಇಷ್ಟು ಸರಳವಾಗಿ ಹೊಳೆದಿರಲಿಲ್ಲ. ಹಳೆಯ ವಾರ್ಷಿಕ ವರದಿಗಳು ಕಂಪನಿಯ ವೆಬ್‌ಸೈಟಿನಲ್ಲಿ, ಷೇರು ವಿನಿಮಯ ಕೇಂದ್ರದ ವೆಬ್‌ಸೈಟಿನಲ್ಲಿ ಸಿಗ್ತವೆ, ಅಂಗ ಕಂಪನಿಗಳ ಸಾಲದ ಪಟ್ಟಿಯೂ ಅದರಲ್ಲೇ ಇರುತ್ತೆ ಅಂತ ಹೇಳಿದೆ. ಮೊಮ್ಮಗಳ ಹತ್ರ ಡೌನ್‌ಲೋಡ್ ಮಾಡಿಸ್ತೀನಿ ಅಂದರು. 12 ಲಕ್ಷ ಅಲ್ಲಿಯವರೆಗೆ ಎಫ್‌ಡಿಯಲ್ಲೇ ಇರುತ್ತಂತೆ. ಹೊಸ ಹಾಳೆ ಪೋಸ್ಟಿನಲ್ಲಿ ಬಂದರೆ ನಿಮಗೂ ಓದಿ ಹೇಳ್ತೀನಿ.